ಹೆಸರಿನ ಮುಂದೆ ಎರಡು ಝಡ್

ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿರುವ ನಂದಿಧ್ವಜ ಗ್ಯಾಸ್ಕೆಟ್ಸ್ ಕಂಪನಿಯಲ್ಲಿ ಕುಕ್ಕರಿನ ರಬ್ಬರ್ ರಿಂಗು ತಯಾರಾಗುತ್ತದೆ. ಅದರ ಸ್ಟೋರ್ಸಿನಲ್ಲಿ ಮಹದೇವು ಹತ್ತೊಂಬತ್ತು ವರ್ಷದಿಂದ ಲಾರಿ ಇಳಿಸಿಕೊಂಡು, ತೂಕ ನೋಡಿ, ಮಾಲು ಲೆಕ್ಕ ಹಾಕಿ, ಕಂಪ್ಯೂಟರಿಗೆ ಹತ್ತಿಸುತ್ತಿದ್ದಾನೆ. ಆದರೆ ಮಾಲು ಬಂದಿದ್ದಕ್ಕೆ ಕಂಪ್ಯೂಟರು ಕೊಡುವ ಒಂದು ಚೀಟಿಯಲ್ಲೂ ಅವನ ಹೆಸರಿಲ್ಲ. 'ಸ್ವೀಕರಿಸಿದವರು' ಅನ್ನುವ ಕಡೆ ಎಲ್ಲದರಲ್ಲೂ ಸುಂದರಮ್ಮ ಅಂತಲೇ ಬರುತ್ತದೆ.

ಇದರಲ್ಲಿ ಸುಂದರಮ್ಮನ ಮೋಸವೇನೂ ಇಲ್ಲ. ತಪ್ಪೆಲ್ಲ ಆ ಸ್ಟೋರ್ಸಿನವರ ತಲೆಯದು. ಒಂಬತ್ತು ವರ್ಷದ ಹಿಂದೆ ಹೊಸ ಸಿಸ್ಟಮ್ ಬಂದ ದಿನ ಮೊದಲು ಲಾಗಿನ್ ಆದವನು ಮಹದೇವು. ನಲವತ್ತು ಕೆಜಿ ರಬ್ಬರ್ ಬರೆಯುವ ಕಡೆ ನಲವತ್ತು ಟನ್ ಬರೆದ. ಬರೆದು ಬೆರಳು ತೆಗೆಯುವುದಕ್ಕೂ ಇಡೀ ಫ್ಯಾಕ್ಟರಿಯ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಮಾರನೆಯ ದಿನ ಸುಂದರಮ್ಮ ಸ್ನಾನ ಮಾಡಿ, ಮಾನಿಟರಿನ ಮೂಲೆಗೆ ಕುಂಕುಮ ಇಟ್ಟು ಲಾಗಿನ್ ಆದರು. ಏನೂ ಆಗಲಿಲ್ಲ. ಅಲ್ಲಿಗೆ ಆ ಅಮ್ಮನ ಕೈಗುಣ ಒಳ್ಳೆಯದು ಅಂತ ತೀರ್ಮಾನವಾಗಿಹೋಯಿತು. ಅಂದಿನಿಂದ ಬೆಳಗ್ಗೆ ಎಂಟೂವರೆಗೆ ಸುಂದರಮ್ಮ ಒಂಟಿಕೊಪ್ಪಲಿನಿಂದ ಬಂದು ಪಾಸ್‌ವರ್ಡ್ ಹೊಡೆಯುವುದು, ಸಂಜೆವರೆಗೆ ಅದರ ಮೇಲೇ ಐದು ಜನ ಕೆಲಸ ಮಾಡುವುದು. ಅವರವರ ಹೆಸರಿನಲ್ಲಿ ಬೇರೆ ಬೇರೆ ಖಾತೆಗಳಿದ್ದವು. ಅವು ಇವೆ ಅನ್ನುವುದೇ ಯಾರಿಗೂ ನೆನಪಿರಲಿಲ್ಲ.

ಒಬ್ಬಳಿಗೆ ಮಾತ್ರ ಇದು ಸರಿ ಕಾಣಲಿಲ್ಲ. ಮಹದೇವುವಿನ ಮಗಳು ಅನು, ಏಳನೇ ಕ್ಲಾಸು. ಆಯುಧಪೂಜೆಯ ದಿನ ಫ್ಯಾಕ್ಟರಿಗೆ ಬಂದವಳು ಚೀಟಿಯ ಕಂತೆ ತಿರುವಿ ಹಾಕಿ, "ಅಪ್ಪಾ, ನೀನು ಇಲ್ಲಿ ಕೆಲಸ ಮಾಡ್ತೀಯ ಅಂತೀಯಲ್ಲ, ನಿನ್ನೆಸರು ಎಲ್ಲಿ?" ಅಂದಿದ್ದಳು. ಮಹದೇವು ನಕ್ಕು ಅವಳ ಕೈಗೆ ಮಂಡಕ್ಕಿ ಪೊಟ್ಟಣ ಕೊಟ್ಟ. ಆದರೆ ಬೋಗಾದಿಯ ಮನೆಗೆ ಮೊಪೆಡ್ ಓಡಿಸಿಕೊಂಡು ಹೋಗುವಾಗ ಆ ಮಾತು ಒಳಗೆ ಚುಚ್ಚುತ್ತಲೇ ಇತ್ತು. ನಿಜ ಹೇಳಬೇಕೆಂದರೆ ಅವನಿಗೆ ಅವತ್ತು ಅಳು ಬಂದಿತ್ತು.

ಈಗ ಸುಂದರಮ್ಮ ನಿವೃತ್ತಿಯಾಗುತ್ತಿದ್ದರು. ಹಿರಿಯ ಸ್ಟೋರ್ ಕೀಪರ್ ಜಾಗಕ್ಕೆ ಒಳಗಿನವರು ಅರ್ಜಿ ಹಾಕಬಹುದು, ಶುಕ್ರವಾರ ಸಂಜೆ ಐದರ ಒಳಗೆ, ಕಂಪನಿಯ ಪೋರ್ಟಲ್‌ನಲ್ಲಿ, ಅವರವರ ಲಾಗಿನ್‌ನಲ್ಲೇ. ಯಾರೂ ಹಾಕದಿದ್ದರೆ ಹೊರಗಿನವರನ್ನು ತರುತ್ತೇವೆ ಅಂತ ಎಚ್‌ಆರ್‌ನವರು ಬೋರ್ಡಿಗೆ ಅಂಟಿಸಿ ಹದಿನೈದು ದಿನವಾಗಿತ್ತು. ಮಹದೇವು ಆ ಹದಿನೈದು ದಿನವನ್ನೂ ನಾಳೆ ನಾಳೆ ಅಂತಲೇ ಕಳೆದ. ಶುಕ್ರವಾರ ಮಧ್ಯಾಹ್ನ ಮೂರಕ್ಕೆ, ಎಲ್ಲರೂ ಬೀಳ್ಕೊಡುಗೆಗೆ ಕ್ಯಾಂಟೀನಿನ ಕಡೆ ಹೊರಟ ಮೇಲೆ, ಸುಂದರಮ್ಮನ ಕುರ್ಚಿಯಲ್ಲಿ ಕೂತು ತನ್ನ ಹೆಸರು ಹೊಡೆದ. ಪಾಸ್‌ವರ್ಡನ್ನು ಪರ್ಸಿನಲ್ಲಿದ್ದ ಬಸ್ ಟಿಕೆಟಿನ ಹಿಂದಿನಿಂದ ನೋಡಿ ನೋಡಿ ಹೊಡೆದ.

ನಿಮ್ಮ ಖಾತೆಯನ್ನು ನಿಷ್ಕ್ರಿಯಗೊಳಿಸಲಾಗಿದೆ, ಸಿಸ್ಟಮ್ ನಿರ್ವಾಹಕರನ್ನು ಸಂಪರ್ಕಿಸಿ ಅಂತ ಬಂತು.

ಐಟಿ ಕೊಠಡಿ ಎರಡನೇ ಮಹಡಿಯಲ್ಲಿದೆ. ಮಹದೇವು ಮೆಟ್ಟಿಲನ್ನು ಎರಡೆರಡು ಹತ್ತಿಕೊಂಡು ಹೋಗಿ ಬಾಗಿಲಲ್ಲಿ ನಿಂತಾಗ ಅವನಿಗೆ ಮಾತಾಡುವಷ್ಟು ಉಸಿರಿರಲಿಲ್ಲ. ಒಳಗೆ ಇದ್ದವಳು ವರ್ಷಿಣಿ, ಕುವೆಂಪುನಗರದ ಹುಡುಗಿ. ಇಡೀ ಕಂಪನಿಯ ಲಾಗಿನ್ನುಗಳ ಉಸ್ತುವಾರಿ ಅವಳದು. ನಕ್ಕು ಮಾತಾಡಿಸುತ್ತಾಳೆ, ನಿಯಮ ಮಾತ್ರ ಕೂದಲೆಳೆಯಷ್ಟೂ ಬಿಡುವುದಿಲ್ಲ.

"ಮೇಡಂ, ನನ್ ಖಾತೆ ಸತ್ತೋಗೈತೆ" ಅಂದ ಮಹದೇವು.

ವರ್ಷಿಣಿ ಹುಡುಕಿದಳು. ಪಟ್ಟಿಯ ತುತ್ತತುದಿಗೆ ಇಳಿದ ಮೇಲೆ ಸಿಕ್ಕಿತು. ನಿಷ್ಕ್ರಿಯ ಖಾತೆಗಳನ್ನೆಲ್ಲ ಬೇರೆ ಗುಂಪಿಗೆ ತಳ್ಳಿ, ಕಣ್ಣಿಗೆ ಅಡ್ಡ ಬರದೆ ಪಟ್ಟಿಯ ಕೊನೆಗೆ ಹೋಗಲಿ ಅಂತ ಹೆಸರಿನ ಮುಂದೆ ಎರಡು ಝಡ್ ಸೇರಿಸುವುದು ಅವರ ಪದ್ಧತಿ. ಅಲ್ಲಿ ಅವನು ಝಡ್‌ಝಡ್ ಮಹದೇವು ಆಗಿ ಕೂತಿದ್ದ.

"ಸತ್ತಿಲ್ಲ ಸರ್, ಮುಚ್ಚಿದೆ ಅಷ್ಟೇ. ತೊಂಬತ್ತು ದಿನ ಯಾರೂ ಲಾಗಿನ್ ಆಗದಿದ್ರೆ ಸಿಸ್ಟಮ್ ತಾನೇ ಮುಚ್ಚತ್ತೆ. ಬಿಟ್ಟುಹೋದವರ ಖಾತೆನ ಇನ್ಯಾರೋ ಬಳಸಬಾರದಲ್ಲ, ಅದಕ್ಕೆ. ನೀವು ಕೊನೇಲಿ ಲಾಗಿನ್ ಆಗಿರೋದು ಬೆಂಕಿ ಸುರಕ್ಷತೆ ತರಬೇತಿ ದಿನ. ಒಂಬತ್ತು ತಿಂಗಳಾಯ್ತು."

"ನಾನ್ ಬಿಟ್ಟೋಗಿಲ್ಲ ಮೇಡಂ. ದಿನಾ ಬತ್ತೀನಿ. ಭಾನುವಾರನೂ ಎರಡು ಸತಿ ಬಂದಿವ್ನಿ."

"ನೀವು ಬರ್ತೀರಿ, ನಿಮ್ ಖಾತೆ ಬರಲ್ಲ. ಮುಚ್ಚೋಕೆ ಹದಿನಾಲ್ಕು ದಿನ ಮುಂಚೆಯಿಂದ ಐದು ಎಚ್ಚರಿಕೆ ಮೇಲ್ ಹೋಗಿದೆಯಲ್ಲ ಸರ್."

"ಎಲ್ಲಿಗೋಗೈತೆ?"

"ನಿಮ್ ಮೇಲ್‌ಗೆ."

"ಅದನ್ನ ನೋಡೋಕೆ ಲಾಗಿನ್ ಆಗ್ಬೇಕಲ್ವಾ?"

ವರ್ಷಿಣಿ ಪರದೆಯ ಕಡೆ ತಿರುಗಿ ದಿನ ಎಣಿಸಿದಳು. "ನಿಮ್ ಪುಣ್ಯ, ಇವತ್ತೇ ಬಂದ್ರಿ. ಮುಚ್ಚಿದ ಮೇಲೆ ನೂರ ಎಂಬತ್ತು ದಿನಕ್ಕೆ ಖಾತೆ ಅಳಿಸಿಬಿಡ್ತೀವಿ. ಇವತ್ತಿಗೆ ನೂರ ಎಪ್ಪತ್ತಾರು. ಈಗ ಎರಡು ಕೆಲಸ. ನೀವು ನೀವೇ ಅಂತ ನಂಗೆ ಖಾತ್ರಿ ಆಗ್ಬೇಕು. ಆಮೇಲೆ ನಿಮ್ ಮ್ಯಾನೇಜರ್ ಒಪ್ಪಿಗೆ ಬರಬೇಕು."

ಗಡಿಯಾರದಲ್ಲಿ ಮೂರೂ ಇಪ್ಪತ್ತಾಗಿತ್ತು. ತಾನು ತಾನೇ ಅಂತ ತೋರಿಸುವುದು ಎಷ್ಟು ಹೊತ್ತಿನ ಕೆಲಸ ಅಂದುಕೊಂಡ ಮಹದೇವು.

ನೌಕರರ ಸಂಖ್ಯೆ ಹೇಳಿದ, ಸರಿಯಿತ್ತು. ಹುಟ್ಟಿದ ದಿನಾಂಕ ಜೂನ್ ಒಂದು ಅಂದ. ಅದೂ ಸರಿಯಿತ್ತು. ಆದರೆ ವರ್ಷಿಣಿಯ ಮುಖ ಅರಳಲಿಲ್ಲ. "ನಿಮ್ ಸ್ಟೋರ್ಸ್‌ನಲ್ಲಿ ಐದು ಜನದಲ್ಲಿ ನಾಲ್ಕು ಜನ ಜೂನ್ ಒಂದಕ್ಕೇ ಹುಟ್ಟಿದ್ದೀರಿ."

"ನಮ್ ಮೇಷ್ಟ್ರು ಸ್ಕೂಲಿಗೆ ಸೇರಿಸ್ಕೊಳ್ಳೋವಾಗ ಎಲ್ರುನೂ ಅವತ್ತೇ ಹುಟ್ಟಿಸ್ತಿದ್ರು ಮೇಡಂ."

"ಹಾಗಾದ್ರೆ ಗುಟ್ಟಿನ ಪ್ರಶ್ನೆ ಕೇಳ್ತೀನಿ. ನೀವು ಮೊದಲೇ ಬರೆದುಕೊಟ್ಟಿರೋ ಉತ್ತರ ಒಳಗಿದೆ, ನನಗೂ ಕಾಣಲ್ಲ. ನೀವು ಹೇಳಿದ್ದನ್ನ ನಾನು ಹಾಕಿದ್ರೆ ಸರಿ ತಪ್ಪು ಮಾತ್ರ ಹೇಳತ್ತೆ. ನಿಮಗೆ ಇಷ್ಟವಾದ ತಿಂಡಿ ಯಾವುದು?"

ಮಹದೇವು ಇಡ್ಲಿ ಅಂದ. ತಪ್ಪು, ಪರದೆಯಲ್ಲಿ ಕೆಂಪು. ಮುದ್ದೆ ತಿಂಡಿಯಲ್ಲ ಅಂತ ಗೊತ್ತಿದ್ದರೂ ಮುದ್ದೆ ಅಂದ. ಕೆಂಪು. ತನಗೆ ಇಷ್ಟವಾದ ತಿಂಡಿ ತನಗೇ ಗೊತ್ತಿಲ್ಲವಲ್ಲ ಅಂತ ಅವನಿಗೆ ಬೆವರು ಬಂತು. ಆಗ ಹೊಳೆಯಿತು. ಆ ಪ್ರಶ್ನೆಗಳನ್ನೆಲ್ಲ ಐದೂ ಜನರ ಪರವಾಗಿ ಒಂದೇ ಮಧ್ಯಾಹ್ನ ಕೂತು ತುಂಬಿದವರು ಸುಂದರಮ್ಮ.

ಅಷ್ಟರಲ್ಲಿ ಸುಂದರಮ್ಮನೇ ಬಂದರು. ಕೊರಳಲ್ಲಿ ಹಾರ, ಮೈಮೇಲೆ ಶಾಲು, ಕೈಯಲ್ಲಿ ಬೋಂಡದ ತಟ್ಟೆ. ತಮ್ಮ ಬೀಳ್ಕೊಡುಗೆಗೆ ಮಹದೇವು ಬಂದಿಲ್ಲ ಅಂತ ಹುಡುಕಿಕೊಂಡು ಹೊರಟಿದ್ದರು. "ಏನೋ ಮಾದೇವು, ಮ್ಯಾನೇಜರು ಭಾಷಣ ಶುರು ಮಾಡ್ತಾವ್ರೆ, ನೀನಿಲ್ಲೇನ್ ಮಾಡ್ತಿದ್ದೀಯ?"

"ಅಮ್ಮ, ನಂಗೆ ಇಷ್ಟವಾದ ತಿಂಡಿ ಯಾವ್ದು?"

ಸುಂದರಮ್ಮ ಯೋಚನೆ ಕೂಡ ಮಾಡಲಿಲ್ಲ. "ಬೇರೆಯೋರ ಡಬ್ಬಿ."

"ಅಲ್ಲಮ್ಮಾ, ಕಂಪ್ಯೂಟ್ರಲ್ಲಿ ಏನ್ ಬರ್ದಿದ್ರಿ?"

"ಅದನ್ನೇ ಕಣೋ ಬರೆದಿದ್ದು. ನಾನೇನ್ ಸುಳ್ಳು ಬರೀತೀನಾ? ಇನ್ನೊಂದು ಪ್ರಶ್ನೆಗೆ, ನಿನ್ ಬಾಲ್ಯದ ಗೆಳೆಯ ಯಾರು ಅಂತಿತ್ತು, ತೂಕದ ಮಿಷನ್ ಅಂತ ಬರ್ದೆ. ಯಾವಾಗ್ಲೂ ಅದ್ರ ಮುಂದೇನೇ ನಿಂತಿರ್ತೀಯಲ್ಲ."

ಮಹದೇವು ಆಸೆಯಿಂದ ವರ್ಷಿಣಿಯ ಕಡೆ ತಿರುಗಿದ. ಅವಳು ನಗು ತಡೆದುಕೊಂಡು ತಲೆ ಅಲ್ಲಾಡಿಸಿದಳು. "ಈಗ ಹಸಿರು ಬಂದರೂ ಪ್ರಯೋಜನ ಇಲ್ಲ ಸರ್. ಆ ಗುಟ್ಟು ನಿಮ್ಮನ್ನ ಬಿಟ್ಟು ಬೇರೆಯವರಿಗೆಲ್ಲ ಗೊತ್ತಿದೆ. ಈ ಉತ್ತರಗಳನ್ನ ತೆಗೆದುಹಾಕ್ತೀನಿ, ಆಮೇಲೆ ನೀವೇ ಹೊಸದಾಗಿ ಬರೀರಿ. ಐಡಿ ಕಾರ್ಡ್ ಕೊಡಿ."

ಐಡಿ ಕಾರ್ಡು ಹತ್ತೊಂಬತ್ತು ವರ್ಷದ ಹಿಂದಿನದು. ಅದರಲ್ಲಿ ಒತ್ತಾದ ಗುಂಗುರು ಕೂದಲಿನ, ದಪ್ಪ ಮೀಸೆಯ ಒಬ್ಬ ಯುವಕ ಎದೆಯುಬ್ಬಿಸಿ ಕೂತಿದ್ದ. ಎದುರಿಗೆ ನಿಂತವನಿಗೆ ಮೀಸೆಯೂ ಇಲ್ಲ, ಕೂದಲೂ ಇಲ್ಲ, ಉಬ್ಬುವಷ್ಟು ಧೈರ್ಯವೂ ಇಲ್ಲ. ವರ್ಷಿಣಿ ಕಾರ್ಡನ್ನೂ ಮುಖವನ್ನೂ ಮೂರು ಸಲ ನೋಡಿದಳು. ಸುಂದರಮ್ಮ ತಮ್ಮ ಶಾಲು ತೆಗೆದು ಮಹದೇವುವಿನ ತಲೆಗೆ ಸುತ್ತಿ, "ಈಗ ನೋಡಮ್ಮ" ಅಂದರು. ಇನ್ನಷ್ಟು ಕೆಟ್ಟಿತು.

"ಕಾರ್ಡಿನ ನಂಬರ್ ಸರಿಯಿದೆ. ಕಿವಿ ಒಂದೇ ಥರ ಇದೆ. ಇದ್ರ ಜೊತೆಗೆ ಮ್ಯಾನೇಜರೇ ಎದುರಿಗೆ ಬಂದು ಇವರೇ ಅಂದ್ರೆ ನಂಗೆ ಸಾಕು. ಹೇಗೂ ಅವರ ಒಪ್ಪಿಗೆ ಬೇಕಲ್ಲ." ಅಷ್ಟು ಹೇಳಿ ಅವಳು ಮಹದೇವುವಿನ ಹೆಸರಿನಲ್ಲಿ ಖಾತೆ ಮತ್ತೆ ತೆರೆಯುವ ಮನವಿಯನ್ನು ತಾನೇ ದಾಖಲಿಸಿದಳು. ಮನವಿ ಹಾಕಲೂ ಲಾಗಿನ್ ಬೇಕಿದ್ದದ್ದರಿಂದ ಅವನಿಂದ ಅದೂ ಆಗುತ್ತಿರಲಿಲ್ಲ.

ಮ್ಯಾನೇಜರ್ ಕುಮಾರ್ ಅವರನ್ನು ಭಾಷಣದ ನಡುವೆಯೇ ನಿಲ್ಲಿಸಿ ಕರೆತರಬೇಕಾಯಿತು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಉದ್ದ. ಯಾರನ್ನು ಕುರಿತು ಭಾಷಣವೋ ಆ ಸುಂದರಮ್ಮನೇ ಇಲ್ಲಿ ಬೋಂಡ ತಿನ್ನುತ್ತ ಕೂತಿದ್ದರಿಂದ ಕುಮಾರ್ ಅವರಿಗೂ ಬರಲು ತೊಂದರೆಯಿರಲಿಲ್ಲ. ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಟುಕೊಂಡು ಬಂದರು. "ಇವನು ನಮ್ಮ ಮಹದೇವುನೇ ಕಣಮ್ಮ. ಇವನಲ್ಲದೆ ಇನ್ಯಾರು ಈ ಶರ್ಟ್ ಹಾಕ್ತಾರೆ?"

"ಸರಿ ಸರ್. ಈಗ ಮನವಿ ತೆರೆದು ಒಪ್ಪಿಗೆ ಒತ್ತಿ. ಬಾಯಿಮಾತಲ್ಲಿ ಆಗಲ್ಲ, ಆಡಿಟ್‌ನವರು ಕೇಳ್ತಾರೆ."

ಕುಮಾರ್ ಬೆರಳಿಟ್ಟು ಲ್ಯಾಪ್‌ಟಾಪ್ ತೆರೆದರು. ಪೋರ್ಟಲ್‌ಗೆ ಹೋದರೆ ಪಾಸ್‌ವರ್ಡಿನ ಅವಧಿ ಮುಗಿದಿದೆ, ಹಳೆಯದನ್ನು ಹಾಕಿ ಹೊಸದು ಮಾಡಿಕೊಳ್ಳಿ ಅಂತು. ಮೂರು ತಿಂಗಳಿಗೊಮ್ಮೆ ಬದಲಿಸಬೇಕು ಅನ್ನುವುದು ಕಂಪನಿಯ ನಿಯಮ. ಬೆರಳಿಗೇ ಎಲ್ಲ ತೆರೆಯುತ್ತಿದ್ದುದರಿಂದ ಅವರಿಗೆ ಹಳೆಯದು ಏನಂತಲೇ ಮರೆತುಹೋಗಿತ್ತು. ಹೆಂಡತಿಯ ಹೆಸರು ಹಾಕಿದರು, ಆಗಲಿಲ್ಲ. ಮಗನ ಹೆಸರು ಹಾಕಿದರು, ಆಗಲಿಲ್ಲ. ನಾಯಿಯದನ್ನು ಹಾಕಿದರು. ವರ್ಷಿಣಿ ಬೇಡ ಸರ್ ಅನ್ನುವಷ್ಟರಲ್ಲಿ ಇನ್ನೆರಡು ಸಲ ಒತ್ತಿ ಐದು ಪೂರ್ತಿ ಮಾಡಿದರು.

"ಈಗ ನಿಮ್ಮದು ಲಾಕ್ ಆಯ್ತು ಸರ್" ಅಂದಳು ವರ್ಷಿಣಿ.

"ಅಂದ್ರೆ ಮಹದೇವುದರ ಥರಾನೇ?"

"ಇಲ್ಲ ಸರ್, ಅದು ಬೇರೆ. ಅವರ ಮನೆನೇ ಮುಚ್ಚಿದ್ದು. ನಿಮ್ಮದು ಬೀಗದ ಕೈ ಹಳೇದಾಗಿತ್ತು, ಈಗ ಬೀಗಾನೂ ಸಿಕ್ಕಾಕೊಂಡಿದೆ. ಅರ್ಧ ಗಂಟೆ ಕಾದ್ರೆ ಲಾಕ್ ತಾನೇ ಬಿಡತ್ತೆ, ಆದ್ರೆ ಹಳೆ ಪಾಸ್‌ವರ್ಡ್ ಗೊತ್ತಿಲ್ಲದೆ ಏನೂ ಪ್ರಯೋಜನ ಇಲ್ಲ. ನಾನೇ ಬಿಡಿಸಿ ಹೊಸದು ಕೊಡ್ತೀನಿ. ನಿಮ್ ಐಡಿ ಕಾರ್ಡ್?"

"ನಾನು ಕುಮಾರ್ ಕಣಮ್ಮ."

"ಗೊತ್ತು ಸರ್. ಕಾರ್ಡ್?"

ಕಾರ್ಡು ಕಾರಿನಲ್ಲಿತ್ತು. ಕುಮಾರ್ ಮಹದೇವುವಿನ ಮುಖ ನೋಡಿದರು. "ಹೇಳಯ್ಯಾ, ನಾನೇ ಅಂತ ಹೇಳು."

"ಇವ್ರೇ ಮೇಡಂ" ಅಂದ ಮಹದೇವು ಭಕ್ತಿಯಿಂದ.

"ನಿಮ್ ಖಾತೆನೇ ಮುಚ್ಚಿದೆ, ನಿಮ್ ಸಾಕ್ಷಿ ನಡೆಯಲ್ಲ ಸರ್."

ಕುಮಾರ್ ಕೆಳಗಿಳಿದು ಕಾರಿಗೆ ಹೋಗಿ ಬಂದರು. ವರ್ಷಿಣಿ ಲಾಕ್ ತೆಗೆದು, ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟಳು. ಹೊಸದಕ್ಕೆ ಕನಿಷ್ಠ ಹನ್ನೆರಡು ಅಕ್ಷರ, ಹಿಂದಿನ ಹನ್ನೆರಡರಲ್ಲಿ ಯಾವುದೂ ಆಗಬಾರದು. ಕುಮಾರ್ ಹಾಕಿದ್ದೆಲ್ಲ ಹಿಂದೆ ಬಳಸಿದ್ದೇ ಆಗುತ್ತಿತ್ತು. ಕೊನೆಗೆ ಅತ್ತೆಯ ಹೆಸರು ಹಾಕಿ ದಾಟಿಕೊಂಡರು. ಅದನ್ನು ಮಾತ್ರ ಅವರು ಇಷ್ಟು ವರ್ಷದಲ್ಲಿ ಯಾವತ್ತೂ ಬಳಸಿರಲಿಲ್ಲ. ಒಪ್ಪಿಗೆ ಒತ್ತಿದಾಗ ನಾಲ್ಕೂ ಹತ್ತು.

ವರ್ಷಿಣಿಯ ಕೈ ಈಗ ಬೇಗ ಓಡಿತು. ಖಾತೆಯನ್ನು ಸಕ್ರಿಯ ಮಾಡಿದಳು, ಮುಚ್ಚಿದವರ ಗುಂಪಿನಿಂದ ಸ್ಟೋರ್ಸಿನವರ ಗುಂಪಿಗೆ ತಂದಳು, ಕಿತ್ತುಹಾಕಿದ್ದ ಅನುಮತಿಗಳನ್ನು ಒಪ್ಪಿಗೆಯಲ್ಲಿದ್ದಷ್ಟು ಮಾತ್ರ ವಾಪಸು ಕೊಟ್ಟಳು. ತಾತ್ಕಾಲಿಕ ಪಾಸ್‌ವರ್ಡೊಂದನ್ನು ಚೀಟಿಯಲ್ಲಿ ಬರೆದು, ಮೊದಲ ಸಲ ಒಳಗೆ ಹೋಗುವಾಗಲೇ ಬದಲಿಸಬೇಕು ಅಂತ ಗುರುತು ಹಾಕಿದಳು. ಇಲ್ಲಿ ಮಾಡಿದ್ದು ಪೋರ್ಟಲ್‌ಗೆ ತಲುಪಲು ಅರ್ಧ ಗಂಟೆ ಬೇಕು, ನಾನು ಈಗಲೇ ತಳ್ಳುತ್ತೇನೆ, ಐದು ನಿಮಿಷ ಕೊಡಿ ಅಂದಳು. ಕೊನೆಗೆ ಸ್ವಲ್ಪ ಗಂಭೀರವಾಗಿ, "ಒಂದೇ ಲಾಗಿನ್‌ನಲ್ಲಿ ಐದು ಜನ ಕೂತಿದ್ದು ನಾನು ವರದಿ ಮಾಡಲೇಬೇಕು ಸರ್. ಸುಂದರಮ್ಮೋರ ಖಾತೆ ಇವತ್ತು ಐದೂವರೆಗೆ ಹೇಗೂ ಮುಗಿಯತ್ತೆ. ಇನ್ನು ಮುಂದೆ ನಿಮ್ ಪಾಸ್‌ವರ್ಡ್ ನಿಮಗೆ ಮಾತ್ರ ಗೊತ್ತಿರಬೇಕು" ಅಂದಳು.

ಮಹದೇವು ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಕೆಳಗಿಳಿದ. ಆದರೆ ಮನಸ್ಸಿಗೂ ಬಾಯಿಗೂ ನಡುವೆ ಅವನಿಗೆ ಬಾಗಿಲಿಲ್ಲ. ಸುಂದರಮ್ಮನ ಕೀಬೋರ್ಡಿನಲ್ಲಿ ಅರ್ಧ ಅಕ್ಷರಗಳು ಸವೆದುಹೋಗಿದ್ದವು. ಎಲ್ಲಿ ಯಾವುದಿದೆ ಅಂತ ಹುಡುಕುತ್ತ, ಹೊಸ ಪಾಸ್‌ವರ್ಡಿನ ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಓದಿ ಒತ್ತಿದ. ಮಗಳ ಹೆಸರು, ಮೊಪೆಡ್ಡಿನ ನಂಬರು, ಎಲ್ಲ ಆಯಿತು. ಹಿಂದಿನಿಂದ ಒಂದು ದನಿ ಬಂತು. "ಕೊನೇಲಿ ಸ್ಟಾರ್ ಹಾಕಣ್ಣ, ಚಿಹ್ನೆ ಒಂದು ಬೇಕಂತೆ."

ಸ್ಟೋರ್ಸಿನ ಮೂಗಯ್ಯ. ಅವನೂ ಅದೇ ಜಾಗಕ್ಕೆ ಅರ್ಜಿ ಹಾಕುವವನೇ, ಬೋಂಡ ಮುಗಿಸಿ ಹಾಕಿದರಾಯಿತು ಅಂತ ಓಡಾಡಿಕೊಂಡಿದ್ದ. ಮಹದೇವು ಅಭ್ಯಾಸಬಲದಿಂದ ಸ್ಟಾರ್ ಹಾಕಿ ಒತ್ತಿಯೇಬಿಟ್ಟ. ಪಾಸ್‌ವರ್ಡ್ ಬದಲಾಯಿತು ಅಂತ ಬಂದ ಮೇಲೆ ಅವನಿಗೆ ಬುದ್ಧಿ ಬಂತು. ಹುಟ್ಟಿ ಒಂದು ನಿಮಿಷವಾಗಿಲ್ಲ, ಪಾಸ್‌ವರ್ಡು ಆಗಲೇ ಮೂಗಯ್ಯನ ಬಾಯಲ್ಲಿತ್ತು. ಮತ್ತೆ ಬದಲಿಸಲು ಹೋದ. ಆಗಲಿಲ್ಲ. ಇನ್ನೊಮ್ಮೆ ಮಾಡಿದ, ಆಗಲಿಲ್ಲ.

ಈಗಲೇ ಅರ್ಜಿ ಹಾಕಿಬಿಡಬಹುದಿತ್ತು. ನಾಲ್ಕೂ ಇಪ್ಪತ್ತೆಂಟು, ಖಾತೆ ತೆರೆದಿದೆ. ಆದರೆ ಒಂಬತ್ತು ವರ್ಷ ಒಬ್ಬರ ಹೆಸರಿನಲ್ಲಿ ಐದು ಜನ ಬದುಕಿದ್ದು ಸಾಕು ಅನ್ನಿಸಿತು ಅವನಿಗೆ. ತನ್ನ ಹೆಸರು ಸಿಕ್ಕ ದಿನವೇ ಅದನ್ನು ಇಬ್ಬರು ಹಂಚಿಕೊಳ್ಳುವುದು ಬೇಡವಾಗಿತ್ತು. ಮತ್ತೆ ಎರಡನೇ ಮಹಡಿಗೆ ಓಡಿದ.

"ಬದಲಾಯಿಸೋಕೆ ಬುಡ್ತಿಲ್ಲ ಮೇಡಂ."

"ಒಂದು ಸಲ ಬದಲಿಸಿದ ಮೇಲೆ ಒಂದು ದಿನ ಬಿಡಲ್ಲ ಸರ್. ಇಲ್ಲದಿದ್ರೆ ಜನ ಒಂದೇ ದಿನ ಹನ್ನೆರಡು ಸಲ ಬದಲಿಸಿ ಮತ್ತೆ ಹಳೇದಕ್ಕೇ ಬಂದುಬಿಡ್ತಾರೆ. ಯಾಕೆ, ಏನಾಯ್ತು?"

ಮಹದೇವು ತಲೆ ತಗ್ಗಿಸಿ ನಡೆದದ್ದು ಹೇಳಿದ. ವರ್ಷಿಣಿ ಬೈಯಲಿಲ್ಲ. "ಬಂದು ಹೇಳಿದ್ರಲ್ಲ, ಅದೇ ದೊಡ್ಡದು" ಅಂದು ಪುನಃ ತಾನೇ ಹೊಸ ತಾತ್ಕಾಲಿಕ ಪಾಸ್‌ವರ್ಡ್ ಹಾಕಿ, ತನ್ನ ಕೋಣೆಯ ಮೂಲೆಯ ಕಂಪ್ಯೂಟರು ತೋರಿಸಿದಳು. ಗೋಡೆ ಕಡೆ ಮುಖ ಮಾಡಿ ಕೂತಳು. ಸುಂದರಮ್ಮ ಹಾರದ ಸಮೇತ ಬಾಗಿಲಿಗೆ ಅಡ್ಡ ನಿಂತು ಕಾವಲಾದರು. ಮಹದೇವು ತುಟಿ ಕಚ್ಚಿಕೊಂಡು, ಜನ್ಮದಲ್ಲಿ ಮೊದಲ ಸಲ, ಸದ್ದಿಲ್ಲದೆ ಟೈಪ್ ಮಾಡಿದ.

ಒಳಗೆ ಹೋದರೆ ಎದುರಿಗೆ ಐದು ಮೇಲ್. ನಿಮ್ಮ ಖಾತೆ ಹದಿನಾಲ್ಕು ದಿನದಲ್ಲಿ ಮುಚ್ಚಲಿದೆ. ಏಳು ದಿನದಲ್ಲಿ. ಮೂರು ದಿನದಲ್ಲಿ. ಎರಡು ದಿನದಲ್ಲಿ. ನಾಳೆ. ಮಹದೇವು ಐದನ್ನೂ ಮರ್ಯಾದೆಯಿಂದ ತೆರೆದು ಓದಿದ, ಪಾಪ ಯಾರೋ ಅಷ್ಟು ಕಾಳಜಿಯಿಂದ ಬರೆದಿದ್ದಾರೆ ಅಂತ. ಆಮೇಲೆ ಅರ್ಜಿ ತುಂಬಿ ಒತ್ತಿದ. ನಾಲ್ಕೂ ಐವತ್ತೆರಡಕ್ಕೆ ಸ್ವೀಕರಿಸಲಾಗಿದೆ ಅಂತ ಬಂತು. ಸುಂದರಮ್ಮ ತಮ್ಮ ಕೊರಳಿನ ಹಾರ ತೆಗೆದು ಅವನ ಕೊರಳಿಗೆ ಹಾಕಿದರು. ಇಬ್ಬರಿಗೂ ಕಣ್ಣು ತುಂಬಿ ಬಂದಿತ್ತು. ಅದಕ್ಕೆ ಬೋಂಡದ ಖಾರ ಕಾರಣ ಅಂತ ಇಬ್ಬರೂ ಒಪ್ಪಿಕೊಂಡರು.

ಸೋಮವಾರ ಬೆಳಗ್ಗೆ ಎಂಟೂ ಮುಕ್ಕಾಲಿಗೆ ಗೇಟಿನಲ್ಲಿ ರಬ್ಬರಿನ ಲಾರಿ ನಿಂತಿತ್ತು. ಸ್ಟೋರ್ಸಿನಲ್ಲಿ ನಾಲ್ಕು ಜನ ಮಾನಿಟರಿನ ಸುತ್ತ ನಿಂತು ಕುಂಕುಮದ ಬೊಟ್ಟನ್ನೇ ನೋಡುತ್ತಿದ್ದರು. ಸುಂದರಮ್ಮನ ಖಾತೆ ಶುಕ್ರವಾರ ಐದೂವರೆಗೆ ಮುಗಿದಿತ್ತು. ಕುಮಾರ್ ಬಂದು, ಲಾಗಿನ್ ಇರೋರು ಯಾರಿದ್ದೀರಿ ಅಂದರು. ಮಹದೇವು ಕೈಯೆತ್ತಿದ. ಶುಕ್ರವಾರ ಸಂಜೆಯವರೆಗೆ ಬಂದ ಅರ್ಜಿ ಕೂಡ ಒಂದೇ ಅಂತ ಕುಮಾರ್ ಅವನ ಕಿವಿಯಲ್ಲಿ ಹೇಳಿ, ಆರ್ಡರ್ ಬರೋತನಕ ನೀನೇ ನೋಡ್ಕೋ ಅಂದು ಹೊರಟರು.

ಮಹದೇವು ಕುರ್ಚಿಯಲ್ಲಿ ಕೂತು, ಕೀಬೋರ್ಡಿಗೆ ಒಂದು ಕೈ ಮರೆ ಮಾಡಿ ಲಾಗಿನ್ ಆದ. ಎರಡು ಸಾವಿರ ಕೆಜಿ ಅಂತ ಬರೆದು, ಟನ್ ಅಲ್ಲ ಕೆಜಿ ಅಂತ ನಾಲ್ಕು ಸಲ ನೋಡಿ ಒತ್ತಿದ. ಎಲ್ಲರೂ ದೀಪದ ಕಡೆ ನೋಡಿದರು. ಕರೆಂಟು ಹೋಗಲಿಲ್ಲ. ಪ್ರಿಂಟರು ಚೀಟಿ ಉಗುಳಿತು. ಮಹದೇವು ಅದನ್ನು ಎತ್ತಿಕೊಂಡ.

ಸ್ವೀಕರಿಸಿದವರು: ಝಡ್‌ಝಡ್ ಮಹದೇವು.

ಅವಸರದಲ್ಲಿ ವರ್ಷಿಣಿ ಎಲ್ಲವನ್ನೂ ಸರಿಮಾಡಿ ಹೆಸರಿನ ಮುಂದಿನ ಎರಡಕ್ಷರ ತೆಗೆಯುವುದನ್ನು ಮರೆತಿದ್ದಳು. ಮಹದೇವುವಿಗೆ ಎಲ್ಲ ಅರ್ಥವಾಯಿತು. ಮೇಲೆ ಹೋಗಿ ಹೇಳಿದರೆ ಎರಡು ನಿಮಿಷದ ಕೆಲಸ. ಹೇಳಬೇಕು, ಮಧ್ಯಾಹ್ನ ಹೇಳೋಣ ಅಂದುಕೊಂಡ. ಮೂಗಯ್ಯ ಭುಜದ ಮೇಲಿಂದ ಬಗ್ಗಿ ಓದಿದ.

"ಏನಣ್ಣ ಇದು, ಹೆಸರಿನ ಮುಂದೆ ಝಡ್ ಝಡ್?"

"ಸೀನಿಯರ್‌ಗೆ ಕೊಡ್ತಾರೆ ಕಣೋ."

ಮೂಗಯ್ಯನ ಮುಖ ಸಣ್ಣಗಾಯಿತು. ಶುಕ್ರವಾರ ಐದಕ್ಕೆ ಐದು ನಿಮಿಷ ಇರುವಾಗ ಅವನು ಪೋರ್ಟಲ್ ತೆರೆಯಲು ಹೋಗಿ, ತನ್ನ ಖಾತೆಯೂ ಮುಚ್ಚಿದ್ದು ಕಂಡು, ಸುಮ್ಮನಾಗಿದ್ದ. "ನಂಗೂ ಹನ್ನೊಂದು ವರ್ಷ ಆಯ್ತಲ್ಲಣ್ಣ. ನಂಗೆ ಯಾವಾಗ ಕೊಡ್ತಾರೆ?"

"ನಿಂಗೆ ಆಗ್ಲೇ ಕೊಟ್ಟವ್ರೆ. ಐಡಿ ಕಾರ್ಡ್ ತಗೊಂಡು ಎರಡನೇ ಮಹಡಿಗೆ ಹೋಗು. ಇಷ್ಟವಾದ ತಿಂಡಿ ಕೇಳಿದ್ರೆ ಮಾತ್ರ ಬಾಯಿ ಬಿಡಬ್ಯಾಡ."

ಮೂಗಯ್ಯ ಓಡಿದ. ಮಹದೇವು ಚೀಟಿಯ ಇನ್ನೊಂದು ಪ್ರತಿ ತೆಗೆದು, ನಾಲ್ಕು ಮಡಿಕೆ ಮಾಡಿ, ಶರ್ಟಿನ ಜೇಬಿಗೆ ಇಟ್ಟುಕೊಂಡ. ಸಂಜೆ ಅದನ್ನು ಅನುವಿಗೆ ತೋರಿಸಬೇಕು. ಮುಂದಿನ ಎರಡಕ್ಷರ ಯಾಕೆ ಅಂತ ಅವಳು ಕೇಳಿಯೇ ಕೇಳುತ್ತಾಳೆ. ಅವಳಿಗೆ ಮಾತ್ರ ನಿಜ ಹೇಳಿಬಿಡುತ್ತೇನೆ ಅಂದುಕೊಂಡು ಲಾರಿ ಇಳಿಸಿಕೊಳ್ಳಲು ಎದ್ದ.